ಎಲ್ಲಿಗೆ ಹೊರಟಿರಿ?

ಚಿತ್ರಪುಸ್ತಕದ ಪಠ್ಯ. ಒಟ್ಟು 32 ಪುಟ, ಕಥೆಯ ಮಾತು 150 ಪದಗಳ ಒಳಗೆ. ಮೂರರಿಂದ ಆರು ವರ್ಷದ ಮಕ್ಕಳಿಗೆ ದೊಡ್ಡವರು ಓದಿ ಹೇಳಲು.

ಚಿತ್ರ ಬರೆಯುವವರಿಗೆ

ಇದರಲ್ಲಿ ಎರಡು ಕಥೆ ಇದೆ. ಮಾತಿನಲ್ಲಿ ಇರೋದು ಇರುವೆಗಳ ಕಥೆ. ಮಳೆಯ ಕಥೆ ಪೂರ್ತಿ ನಿಮ್ಮದು. ಮಳೆ, ಮೋಡ ಅನ್ನೋ ಪದಗಳನ್ನು ಬೇಕಂತಲೇ ಎಲ್ಲೂ ಬಳಸಿಲ್ಲ. ಚಿನ್ನು ನೆಲ ನೋಡುತ್ತಾ ಹೋಗುತ್ತಾಳೆ, ಅವಳ ಬೆನ್ನ ಹಿಂದೆ ಆಕಾಶ ಪುಟಕ್ಕಿಷ್ಟು ಕಪ್ಪಾಗುತ್ತಾ ಬರಲಿ. ಕಥೆ ಕೇಳುವ ಮಗು "ಅಯ್ಯೋ, ಮೇಲೆ ನೋಡೇ!" ಅಂತ ಕೂಗಿದರೆ ನಾವಿಬ್ಬರೂ ಗೆದ್ದ ಹಾಗೆ.

ಚಿನ್ನು ನೋಡೋಕೆ ಹೇಗಿದ್ದಾಳೆ, ಮನೆ ಎಂಥದ್ದು, ಅಂಗಳದಲ್ಲಿ ಏನೇನಿದೆ, ಇದ್ಯಾವುದನ್ನೂ ಹೇಳಿಲ್ಲ. ನಿಮಗೆ ಬಿಟ್ಟಿದ್ದು. ಕೆಳಗಿನ ಟಿಪ್ಪಣಿಗಳೂ ಕಥೆಗೆ ತೀರಾ ಬೇಕಾದ ಕಡೆ ಮಾತ್ರ.

ಇರುವೆಗಳ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹಟ. ಆರು ಕಾಲು, ಆರೂ ಮೈಯ ನಡುಭಾಗದಿಂದಲೇ ಹೊರಡಬೇಕು, ಹೊಟ್ಟೆಯಿಂದಲ್ಲ. ಕುಡಿಮೀಸೆ ಎರಡು, ಮೊಣಕೈ ಬಾಗಿದ ಹಾಗೆ. ಮಕ್ಕಳು ಎಣಿಸಿ ನೋಡುತ್ತಾರೆ! ಬಾಯಲ್ಲಿರುವ ಬಿಳಿ ಗಂಟನ್ನು ನಾವು ಸುಮ್ನೆ ಮೊಟ್ಟೆ ಅಂದುಬಿಡುತ್ತೇವೆ. ಇರುವೆಯ ನಿಜವಾದ ಮೊಟ್ಟೆ ತೀರಾ ಚಿಕ್ಕದು. ಸಾಲಿನಲ್ಲಿ ನಮ್ಮ ಕಣ್ಣಿಗೆ ಬೀಳೋದು ಜಾಸ್ತಿ ಮರಿಹುಳು ಮತ್ತು ಕೋಶ. ಹಾಗಾಗಿ ಗಂಟು ಹೊತ್ತವರಷ್ಟೇ ದೊಡ್ಡದಾಗಿದ್ದರೂ ತಪ್ಪಿಲ್ಲ.

ಪುಟ 1
ಶೀರ್ಷಿಕೆ.
*ಚಿತ್ರ: ಒಂದೇ ಒಂದು ಇರುವೆ.*

ಪುಟ 2–3
ಪ್ರಕಾಶಕರ ವಿವರ.
*ಚಿತ್ರ: ಅದೇ ಇರುವೆ, ಪುಟದ ಕೆಳಗಿನ ಅಂಚಿನಲ್ಲಿ.*

ಪುಟ 4–5
ಒಂದು ಇರುವೆ ಬಂತು.
ಅದರ ಹಿಂದೆ ಒಂದು.
ಅದರ ಹಿಂದೆ ಇನ್ನೊಂದು.
ಅದರ ಹಿಂದೆ…

ಪುಟ 6–7
ಅಬ್ಬಾ!

*ಚಿತ್ರ: ಸಾಲು ಎಡ ಅಂಚಿನಿಂದ ಬಲ ಅಂಚಿನವರೆಗೆ, ಎರಡೂ ಕಡೆ ಪುಟದ ಆಚೆಗೂ ಹೋಗುವ ಹಾಗೆ. ಚಿನ್ನು ಮೊದಲ ಸಲ ಕಾಣೋದು ಇಲ್ಲೇ. ಬಿಸಿಲಿದೆ. ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲ ಕಪ್ಪು.*

ಪುಟ 8–9
"ಎಲ್ಲಿಗೆ ಹೊರಟಿರಿ?" ಕೇಳಿದಳು ಚಿನ್ನು.
ಇರುವೆಗಳು ಮಾತಾಡಲಿಲ್ಲ.
ಬಾಯಲ್ಲಿ ಬಿಳಿ ಗಂಟು.
ಮಾತಾಡೋದು ಹೇಗೆ?

ಪುಟ 10–11
ಕಲ್ಲು ಹತ್ತಿ,
ಕಡ್ಡಿ ದಾಟಿ,
ಎಲೆಯ ಕೆಳಗೆ ನುಸುಳಿ,
ಸರಸರ ಸರಸರ.
ಚಿನ್ನುವೂ ಹಿಂದೆ ಹಿಂದೆ.

"ಚಿನ್ನೂ, ಒಳಗೆ ಬಾ!"
"ಒಂದೇ ನಿಮಿಷ, ಅಮ್ಮಾ!"

*ಚಿತ್ರ: ಅಮ್ಮ ಕಾಣೋದು ಬೇಡ, ದನಿ ಮಾತ್ರ ಮನೆಯ ಕಡೆಯಿಂದ ಬರಲಿ. ಇನ್ನೊಂದು ಗುಟ್ಟು: ಸಾಲು ಅಂಗಳ ಸುತ್ತಿಕೊಂಡು ಮನೆಯ ಕಡೆಗೇ ಹೋಗುತ್ತಿದೆ. ಅದು ಚಿನ್ನುಗೆ ಗೊತ್ತಿಲ್ಲ. ಪುಟ ತಿರುವಿದ ಹಾಗೆಲ್ಲ ಗೋಡೆ ಸ್ವಲ್ಪ ಹತ್ತಿರ ಬರಲಿ, ಆದರೆ ಯಾರಿಗೂ ಅನುಮಾನ ಬರದಷ್ಟು. ಎರಡನೇ ಸಲ ಓದುವಾಗ ಸಿಗಬೇಕು ಇದು.*

ಪುಟ 12–13
ಎದುರು ಬಂದವರಿಗೆ ಮೀಸೆ ತಾಗಿಸಿ, ಮುಂದೆ.
ಇನ್ನೊಬ್ಬರಿಗೆ ಮೀಸೆ ತಾಗಿಸಿ, ಮುಂದೆ.
"ಏನು ಗುಟ್ಟು? ನನಗೂ ಹೇಳಿ!"

ಪುಟ 14–15
ಹೇಳಲೇ ಇಲ್ಲ.
ಚಿನ್ನುಗೆ ಸಿಟ್ಟು ಬಂತು.
ಒಂದು ಬೆರಳು ಚಾಚಿದಳು.
ಸಾಲಿನ ನಡುವೆ…

*ಚಿತ್ರ: ಬೆರಳು ಇನ್ನೂ ನೆಲ ಮುಟ್ಟಿಲ್ಲ. ಅದು ಬಲಗಡೆಯ ಪುಟದಲ್ಲೇ ಇರಲಿ. ನಡು ಮಡಿಕೆಯೊಳಗೆ ಬೆರಳು ಹೂತುಹೋದರೆ ಕಥೆಯೇ ಹೂತುಹೋಗುತ್ತೆ.*

ಪುಟ 16–17
ಸರ್ರ್!

*ಚಿತ್ರ: ನೆಲದ ಮೇಲೆ ಬೆರಳೆಳೆದ ಗೆರೆ, ಅಷ್ಟೇ. ಚಿನ್ನುವಿನ ಮುಖ ಬೇಡ.*

ಪುಟ 18–19
ಈ ಕಡೆಯವರು ಈ ಕಡೆಯೇ.
ಆ ಕಡೆಯವರು ಆ ಕಡೆಯೇ.
ದಾರಿ ಎಲ್ಲಿ? ದಾರಿ ಎಲ್ಲಿ?
ಸುತ್ತಿ, ಸುತ್ತಿ, ಸುತ್ತಿ.

"ಚಿನ್ನೂ, ಒಳಗೆ ಬಾ!"
ಚಿನ್ನು ಮಾತಾಡಲಿಲ್ಲ.

*ಇರುವೆಗಳು ಮುಂದೆ ಹೋದವರು ಬಿಟ್ಟ ವಾಸನೆ ಹಿಡಿದು ನಡೆಯುತ್ತವೆ. ಚಿನ್ನುವಿನ ಬೆರಳು ಆ ವಾಸನೆಯನ್ನು ಒರೆಸಿಬಿಟ್ಟಿದೆ. ಪಠ್ಯದಲ್ಲಿ ಇದನ್ನು ವಿವರಿಸಿಲ್ಲ, ಸಂಪಾದಕರು ಕೇಳಿದರೂ ಸೇರಿಸೋ ಮನಸ್ಸಿಲ್ಲ. ಮಗು "ಯಾಕೆ?" ಅಂತ ಕೇಳಿದರೆ ಓದುವವರು ಹೇಳಿಕೊಳ್ಳಲಿ. ಚಿತ್ರದಲ್ಲಿ ಮಾತ್ರ, ಗೆರೆಯ ಅಂಚಿಗೆ ಬಂದವರು ಬಂದ ಹಾಗೇ ಹಿಂದೆ ತಿರುಗುತ್ತಿರಬೇಕು. ಬೆಳಕು ಇಷ್ಟು ಹೊತ್ತಿಗೆ ಬೂದು ಬಣ್ಣಕ್ಕೆ ಬಂದಿದೆ.*

ಪುಟ 20–21
(ಮಾತಿಲ್ಲ.)

*ಇಲ್ಲಿ ಮೊದಲು ಒಂದು ಸಾಲು ಬರೆದಿದ್ದೆ: "ತಪ್ಪಾಯ್ತು ಅಂದಳು ಚಿನ್ನು." ಹೊಡೆದುಹಾಕಿದೆ. ಅದನ್ನು ಅವಳ ಮುಖ ಹೇಳಲಿ. ನೆಲಕ್ಕೆ ಗಲ್ಲ ಊರಿ ಮಲಗಿದ್ದಾಳೆ, ಕಣ್ಣು ಇರುವೆಯಷ್ಟೇ ಎತ್ತರದಲ್ಲಿ. ಗೆರೆಯ ಅಂಚಿನಲ್ಲಿ ಒಂದೇ ಒಂದು ಇರುವೆ, ಮೀಸೆ ಮುಂದಕ್ಕೆ ಚಾಚಿ, ಒಂದು ಕಾಲು ಎತ್ತಿ ನಿಂತಿದೆ. ಉಳಿದದ್ದೆಲ್ಲ ಖಾಲಿ ಜಾಗ. ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ಖಾಲಿ ಜಾಗ ಇರಬೇಕಾದ ಪುಟ ಇದು. ಓದುವವರು ಇಲ್ಲಿ ಎಷ್ಟು ಹೊತ್ತು ಸುಮ್ಮನಿದ್ದರೂ ಸರಿ.*

ಪುಟ 22–23
ಒಂದು ಇರುವೆ ದಾಟಿತು.
ಅದರ ಹಿಂದೆ ಒಂದು.
ಅದರ ಹಿಂದೆ ಇನ್ನೊಂದು.
ಉಸ್ಸಪ್ಪಾ!

*ಚಿತ್ರ: ಪುಟ 4–5ರ ಚಿತ್ರವೇ ಮತ್ತೆ ಬಂದ ಹಾಗಿರಲಿ, ಬಣ್ಣ ಮಾತ್ರ ಬೇರೆ.*

ಪುಟ 24–25
ಟಪ್.

*ಚಿತ್ರ: ಇರುವೆಯ ಕಣ್ಣಿಗೆ ಕಾಣುವ ಹಾಗೆ ಒಂದು ಹನಿ. ಎರಡು ಪುಟಕ್ಕೂ ಹಿಡಿಸದಷ್ಟು ದೊಡ್ಡದು.*

ಪುಟ 26–27
ಟಪ್. ಟಪ್.
ಚಿನ್ನು ಅಂಗೈ ಹಿಡಿದಳು, ಕೊಡೆ ಹಾಗೆ.
ಕೊಡೆಯ ಕೆಳಗೆ ಮೂರೇ ಇರುವೆಗೆ ಜಾಗ.
"ಬೇಗ ಹೋಗಿ! ಬೇಗ ಬೇಗ!"

*ಚಿತ್ರ: ಎಣಿಸಿದರೆ ಸರಿಯಾಗಿ ಮೂರೇ ಇರಬೇಕು. ಉಳಿದವರು ಕೊಡೆಯ ಆಚೆ ನೆನೆಯುತ್ತಲೇ ಓಡುತ್ತಿದ್ದಾರೆ.*

ಪುಟ 28–29
"ಚಿನ್ನೂ‌ೂ‌ೂ!"

ಧೋ!

*ಅಮ್ಮನ ಕೂಗು ಎಡಗಡೆ, "ಧೋ" ಬಲಗಡೆ. "ಧೋ" ಅಕ್ಷರವನ್ನು ನೀವೇ ಚಿತ್ರದೊಳಗೆ ಬರೆದರೆ ಚೆಂದ, ಅಚ್ಚಿನ ಅಕ್ಷರ ಬೇಡ. ಚಿನ್ನು ಓಡುತ್ತಿದ್ದಾಳೆ ಅಂತ ನಾನು ಹೇಳಿಲ್ಲ, ಓಡಿಸೋದು ನಿಮ್ಮ ಕೆಲಸ.*

ಪುಟ 30–31
ಅಮ್ಮ ತಲೆ ಒರೆಸಿದಳು.
ಕಿಟಕಿಯ ಆಚೆ ನೀರೋ ನೀರು.
"ಪಾಪ… ಎಲ್ಲಿಗೆ ಹೋದರೋ?"

*ಚಿತ್ರ: ಅಂಗಳದಲ್ಲಿ ಬೆರಳಿನ ಗೆರೆ ಇದ್ದ ಜಾಗದಲ್ಲಿ ಈಗ ನೀರು ಹರಿಯುತ್ತಿದೆ. ಚಿನ್ನು ಕಿಟಕಿಗೆ ಮೂಗು ಒತ್ತಿ ನಿಂತಿದ್ದಾಳೆ, ಕೋಣೆಗೆ ಬೆನ್ನು ಹಾಕಿ.*

ಪುಟ 32
"ಅಮ್ಮಾ! ನೆಂಟರು ಬಂದಿದ್ದಾರೆ!"

*ಚಿತ್ರ: ಗೋಡೆಯ ಬಿರುಕಿನಿಂದ ಸಾಲು ಒಳಗೆ ಬರುತ್ತಿದೆ, ಬಿಳಿ ಗಂಟುಗಳ ಸಮೇತ. ಅಮ್ಮನ ಮುಖ ಬೇಡ. ಟವೆಲ್ ಹಿಡಿದ ಕೈ ಅರ್ಧಕ್ಕೇ ನಿಂತಿದ್ದರೆ ಸಾಕು.*