ಕಬ್ಬಿನ ಇಳುವರಿ ಅಂದಾಜು: ಡೇಟಾ ಸೈಂಟಿಸ್ಟ್ ಸಂದರ್ಶನದಲ್ಲಿ ಒಂದು ಪ್ರಾಜೆಕ್ಟಿನ ವಿವರಣೆ

ಮೈಸೂರು, ಎರಡನೇ ಸುತ್ತಿನ ಟೆಕ್ನಿಕಲ್ ಸಂದರ್ಶನ. ಕೇಳುವವರು ಇಬ್ಬರು: ಡೇಟಾ ಸೈನ್ಸ್ ತಂಡದ ಮುಖ್ಯಸ್ಥೆ ಮತ್ತು ಒಬ್ಬ ಹಿರಿಯ ಎಂಜಿನಿಯರ್.

ಮುಖ್ಯಸ್ಥೆ: ನಿಮ್ಮ ರೆಸ್ಯೂಮೆಯಲ್ಲಿ ಕಬ್ಬಿನ ಪ್ರಾಜೆಕ್ಟ್ ಇದೆಯಲ್ಲ, ಅದನ್ನೇ ಹೇಳಿ. ಮೊದಲು ಅವರ ತೊಂದರೆ ಏನಿತ್ತು?

ಅಭ್ಯರ್ಥಿ: ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆ, ಮೇಡಂ. ದಿನಕ್ಕೆ 2,500 ಟನ್ ಅರೆಯುವ ಸಾಮರ್ಥ್ಯ, ಜುಲೈನಲ್ಲಿ ಹಂಗಾಮು ಶುರು. ಕಬ್ಬು ಕಡಿಮೆ ಬಂದರೆ ಮಿಲ್ ನಿಲ್ಲುತ್ತೆ, ನಿಲ್ಲಿಸಿ ಮತ್ತೆ ಶುರು ಮಾಡೋದು ದುಬಾರಿ. ಹೆಚ್ಚು ಬಂದರೆ ಯಾರ್ಡಿನಲ್ಲಿ ಟ್ರ್ಯಾಕ್ಟರ್ ಸಾಲು. ಕಡಿದ ಕಬ್ಬು ಒಣಗಿ ರೈತರಿಗೆ ತೂಕ ಹೋಗುತ್ತೆ, ಕಾರ್ಖಾನೆಗೆ ಸಕ್ಕರೆ ಅಂಶ ಹೋಗುತ್ತೆ. ಯಾವ ಊರಿಗೆ ಯಾವ ವಾರ ಕಟಾವು ಪರ್ಮಿಟ್ ಕೊಡಬೇಕು ಅನ್ನೋದು ಫೀಲ್ಡ್‌ಮನ್‌ಗಳು ಗದ್ದೆ ನೋಡಿ ಹಾಕಿದ ಅಂದಾಜಿನ ಮೇಲೆ ನಿಂತಿತ್ತು. ಅವರು ಕೇಳಿದ್ದು: ಮೇ ಕೊನೆಗೆ ಪ್ರತಿ ಗದ್ದೆಗೂ ಎಕರೆಗೆ ಎಷ್ಟು ಟನ್ ಅನ್ನೋ ಅಂದಾಜು, ಆಮೇಲೆ ಹತ್ತು ದಿನಕ್ಕೊಮ್ಮೆ ತಿದ್ದುಪಡಿ.

ಎಂಜಿನಿಯರ್: ತಂಡದಲ್ಲಿ ನಿಮ್ಮ ಪಾಲು ಯಾವುದು?

ಅಭ್ಯರ್ಥಿ: ಮೂವರು ಇದ್ದೆವು, ಸಾರ್. ಲೇಬಲ್ ಶುದ್ಧಿ, ಫೀಚರ್, ಮಾಡೆಲ್, ಮೌಲ್ಯಮಾಪನ ನನ್ನದು. ಉಪಗ್ರಹ ಚಿತ್ರ ಇಳಿಸಿ ಸಂಸ್ಕರಿಸುವ ಪೈಪ್‌ಲೈನ್ ಇನ್ನೊಬ್ಬರದು, ಫೀಲ್ಡ್‌ಮನ್‌ಗಳ ಮೊಬೈಲ್ ಆ್ಯಪ್ ಮತ್ತೊಬ್ಬರದು.

ಮುಖ್ಯಸ್ಥೆ: ಡೇಟಾ ಹೇಗಿತ್ತು?

ಅಭ್ಯರ್ಥಿ: ವರ್ಷಕ್ಕೆ ಏಳು ಸಾವಿರದ ಆಸುಪಾಸು ಗದ್ದೆ. ಪ್ರತಿಯೊಂದರ ಗಡಿ, ತಳಿ, ನಾಟಿ ತಿಂಗಳು, ತನಿ ಕಬ್ಬೋ ಕೂಳೆಯೋ, ಕೂಳೆಯಾದರೆ ಎಷ್ಟನೇದು. ಅದರ ಮೇಲೆ ಸೆಂಟಿನೆಲ್-2 ಚಿತ್ರಗಳು. ಲೇಬಲ್ ಅಂತ ಕೊಟ್ಟಿದ್ದು ವೇ ಬ್ರಿಡ್ಜ್ ಚೀಟಿಗಳ ಮೊತ್ತವನ್ನ ನೋಂದಾಯಿತ ಎಕರೆಯಿಂದ ಭಾಗಿಸಿದ್ದು.

ಈ ಪ್ರಾಜೆಕ್ಟಿನ ಕಷ್ಟವೆಲ್ಲ ಆ ಲೇಬಲ್‌ನಲ್ಲೇ ಇತ್ತು. ಅದು ಗದ್ದೆಯಲ್ಲಿ ಬೆಳೆದದ್ದನ್ನ ಅಳೆಯೋದಿಲ್ಲ, ಗೇಟಿಗೆ ಬಂದದ್ದನ್ನ ಅಳೆಯುತ್ತೆ. ಬೆಲ್ಲದ ರೇಟು ಏರಿದರೆ ಅರ್ಧ ಕಬ್ಬು ಆಲೆಮನೆಗೆ ಹೋಗುತ್ತೆ, ದಾಖಲೆಯಲ್ಲಿ ಎಕರೆಗೆ 12 ಟನ್ ಅಂತ ಉಳಿಯುತ್ತೆ. ಇನ್ನೊಂದು ಕಡೆ, ಪರ್ಮಿಟ್ ಸಿಗದ ಪಕ್ಕದ ಗದ್ದೆಯವರ ಕಬ್ಬೂ ಒಬ್ಬರ ಹೆಸರಲ್ಲೇ ಬರುತ್ತೆ, ಎಕರೆಗೆ 95 ಟನ್ ಕಾಣುತ್ತೆ. ಎರಡೂ ತೂಕದ ಯಂತ್ರದ ದೋಷ ಅಲ್ಲ. ಹಾಗಾಗಿ ಔಟ್‌ಲೈಯರ್ ಅಂತ ತುದಿ ಕತ್ತರಿಸಿದರೆ ಸಾಲದು. ನಿಜಕ್ಕೂ 45 ಟನ್ ಬೆಳೆದು 30 ಟನ್ ಮಾತ್ರ ಬಂದ ಗದ್ದೆ ಮಧ್ಯದಲ್ಲೇ ಸದ್ದಿಲ್ಲದೆ ಕೂತಿರುತ್ತೆ.

ಎಂಜಿನಿಯರ್: ಅದನ್ನ ಹಿಡಿದದ್ದು ಹೇಗೆ?

ಅಭ್ಯರ್ಥಿ: ಗದ್ದೆ ಬರಿದಾದ ದಿನವನ್ನ ಚಿತ್ರದಿಂದ ತೆಗೆದೆವು. ಹಂಗಾಮಿನ ಮೊದಲ ತಿಂಗಳುಗಳು ಮಳೆಗಾಲ, ಮೋಡದಿಂದ ಸೆಂಟಿನೆಲ್-2 ಕುರುಡು. ಅಲ್ಲಿ ಮೋಡ ದಾಟಿ ನೋಡುವ ಸೆಂಟಿನೆಲ್-1 ರೇಡಾರಿನ ವಿಎಚ್ ಸಂಕೇತ ಬಳಸಿದೆವು. ಕಬ್ಬು ಕಡಿದಾಗ ಅದು ತಟ್ಟನೆ ಇಳಿಯುತ್ತೆ. ಆ ದಿನಾಂಕವನ್ನ ಪರ್ಮಿಟ್ ಮತ್ತು ಚೀಟಿಗಳ ದಿನಾಂಕದ ಪಕ್ಕ ಇಟ್ಟರೆ ಮೂರು ಗುಂಪು ಆಗುತ್ತೆ. ಪರ್ಮಿಟ್ ಬರೋ ಮೊದಲೇ ಗದ್ದೆಯ ಒಂದು ಭಾಗ ಬರಿದಾಗಿದ್ದರೆ ಆಲೆಮನೆಯ ಶಂಕೆ. ಗದ್ದೆ ಬರಿದಾದ ಮೇಲೂ ಚೀಟಿ ಬರ್ತಾನೇ ಇದ್ದರೆ ಬೇರೆಯವರ ಕಬ್ಬು. ಎರಡೂ ಹೊಂದಿದರೆ ನಂಬಬಹುದಾದ ಲೇಬಲ್. 2021, 22, 23ರ ಹಂಗಾಮುಗಳ ಸುಮಾರು 21,000 ಸಾಲುಗಳಲ್ಲಿ 15,400 ಉಳಿದವು.

ಆಮೇಲೆ ಪ್ರಶ್ನೆಯನ್ನೇ ಎರಡು ಮಾಡಿದೆವು. ಒಂದು ಮಾಡೆಲ್ ಬೆಳೆದದ್ದು ಎಷ್ಟು ಅಂತ ಹೇಳುತ್ತೆ. ಇನ್ನೊಂದು, ಅದರಲ್ಲಿ ಗೇಟಿಗೆ ಬರೋ ಪಾಲು ಎಷ್ಟು ಅಂತ. ಬೆಲ್ಲದ ಮಾರುಕಟ್ಟೆ ದರ, ಆಲೆಮನೆಯ ದೂರ, ರೈತರ ಹಿಂದಿನ ಪೂರೈಕೆ ಅದರ ಫೀಚರ್‌ಗಳು. ಒಂದೇ ಮಾಡೆಲ್‌ನಲ್ಲಿ ಕಲಸಿದಾಗ ಬೆಲ್ಲದ ರೇಟು ಏರಿದರೆ ಪೈರು ಸೊರಗುತ್ತೆ ಅಂತ ಅದು ಕಲಿತಿತ್ತು.

ಮುಖ್ಯಸ್ಥೆ: ನಂಬಬಹುದಾದ ಗದ್ದೆಗಳನ್ನೇ ಆರಿಸಿಕೊಂಡರೆ ಅದೂ ಒಂದು ಪಕ್ಷಪಾತವೇ ಅಲ್ವಾ?

ಅಭ್ಯರ್ಥಿ: ಹೌದು ಮೇಡಂ. ಪೂರ್ತಿ ಕಬ್ಬು ಕಾರ್ಖಾನೆಗೇ ಹಾಕುವವರಲ್ಲಿ ದೊಡ್ಡ ಹಿಡುವಳಿ ಹೆಚ್ಚು, ನಾಲೆಯ ಮೇಲ್ಭಾಗದ ಊರುಗಳು ಹೆಚ್ಚು. ಊರು ಮತ್ತು ಗದ್ದೆಯ ಅಳತೆ ನೋಡಿ ಸಾಲುಗಳಿಗೆ ತೂಕ ಕೊಟ್ಟೆವು. ಅದು ಸಾಕಾಯ್ತಾ ಅಂತ ನೋಡೋಕೆ, ಆಲೆಮನೆಗೆ ಹೋಗ್ತಿದ್ದ 60 ಗದ್ದೆಗಳಲ್ಲಿ ತಲಾ ನೂರು ಚದರ ಮೀಟರ್ ಕಡಿಸಿ ಫೀಲ್ಡ್‌ಮನ್‌ಗಳಿಂದ ತೂಗಿಸಿದೆವು. ಅಲ್ಲಿ ಮಾಡೆಲ್ ಸರಾಸರಿ ಎಕರೆಗೆ 1.9 ಟನ್ ಹೆಚ್ಚು ಹೇಳುತ್ತಿತ್ತು. ಪಕ್ಷಪಾತ ಪೂರ್ತಿ ಹೋಗಿಲ್ಲ, ವರದಿಯಲ್ಲೂ ಹಾಗೇ ಬರೆದೆವು.

ಎಂಜಿನಿಯರ್: ಫೀಚರ್ ಮತ್ತು ಮಾಡೆಲ್ ಬಗ್ಗೆ ಹೇಳಿ, ಚುಟುಕಾಗಿ.

ಅಭ್ಯರ್ಥಿ: ಲೈಟ್‌ಜಿಬಿಎಂ, ಕ್ವಾಂಟೈಲ್ ಲಾಸ್, 0.1, 0.5, 0.9 ಮೂರಕ್ಕೂ ಒಂದೊಂದು. ಹಸಿರಿನ ಸೂಚ್ಯಂಕ ಎನ್‌ಡಿವಿಐ ಒಂದೇ ಸಾಲೋದಿಲ್ಲ. ಕಬ್ಬು ಸೋಗೆ ಮುಚ್ಚಿಕೊಂಡ ಮೇಲೆ ಅದು ಮೇಲಕ್ಕೆ ಹೋಗಿ ನಿಂತುಬಿಡುತ್ತೆ, ಆದ್ದರಿಂದ ರೆಡ್ ಎಡ್ಜ್ ಬ್ಯಾಂಡ್ ಸೇರಿಸಿದೆವು. ಗದ್ದೆಯ ಅಳತೆ ದೊಡ್ಡ ಮಿತಿ. ಎಕರೆ ಅಂದರೆ 4,047 ಚದರ ಮೀಟರ್, 10 ಮೀಟರ್ ಪಿಕ್ಸೆಲ್‌ನಲ್ಲಿ ನಲವತ್ತು. ಬದುವಿನ ತೆಂಗು, ಪಕ್ಕದ ಭತ್ತ ಬೆರೆಯಬಾರದು ಅಂತ ಸುತ್ತ ಹತ್ತು ಮೀಟರ್ ಬಿಟ್ಟರೆ ಉಳಿಯೋದು ಸುಮಾರು 19. ಇಪ್ಪತ್ತು ಗುಂಟೆಯ ಗದ್ದೆಯಲ್ಲಿ ಆರು. ಅದಕ್ಕಿಂತ ಚಿಕ್ಕದಕ್ಕೆ ಗದ್ದೆವಾರು ಅಂದಾಜು ಕೊಡಲೇ ಇಲ್ಲ, ಊರಿನ ಸರಾಸರಿ ಕೊಟ್ಟೆವು.

ಮುಖ್ಯಸ್ಥೆ: ಸ್ಪ್ಲಿಟ್ ಹೇಗೆ ಮಾಡಿದಿರಿ? ಬೋರ್ಡ್ ಮೇಲೆ ಬರೆಯಿರಿ.

ಅಭ್ಯರ್ಥಿ:

```python
train = df[df.season <= 2023]
test  = df[df.season == 2024]
gkf = GroupKFold(n_splits=5)
folds = gkf.split(train, groups=train.village_id)
```

ರ‍್ಯಾಂಡಮ್ ಸ್ಪ್ಲಿಟ್‌ನಲ್ಲಿ ಎಂಎಇ, ಅಂದರೆ ಸರಾಸರಿ ತಪ್ಪು, ಎಕರೆಗೆ 4.1 ಟನ್ ಬಂದಿತ್ತು. ಅಷ್ಟು ಚೆನ್ನಾಗಿ ಬರೋಕೆ ಕಾರಣ ಎರಡು. ಒಂದೇ ಗದ್ದೆಯ ತನಿ ಕಬ್ಬು ಟ್ರೈನ್‌ನಲ್ಲಿ, ಮರುವರ್ಷದ ಕೂಳೆ ಟೆಸ್ಟ್‌ನಲ್ಲಿ; ಮಾಡೆಲ್ ಗದ್ದೆಯ ಗುರುತು ಹಿಡಿಯುತ್ತಿತ್ತು. ಎರಡನೇದು `age_at_harvest` ಅನ್ನೋ ಕಾಲಂ. ಕಡಿಯುವಾಗ ಕಬ್ಬಿನ ವಯಸ್ಸು ಎಷ್ಟಿರುತ್ತೆ ಅಂತ ಮೇ ತಿಂಗಳಲ್ಲಿ ಯಾರಿಗೂ ಗೊತ್ತಿರಲ್ಲ. ಅದನ್ನ ತೆಗೆದು, ಅಂದಾಜು ಹಾಕುವ ದಿನದ ವಯಸ್ಸು ಇಟ್ಟೆವು. 2024ರ ಮೇಲೆ ಎಂಎಇ 7.1 ಆಯ್ತು.

ಮುಖ್ಯಸ್ಥೆ: 7.1 ಒಳ್ಳೇದಾ, ಕೆಟ್ಟದ್ದಾ?

ಅಭ್ಯರ್ಥಿ: ಯಾವುದರ ಪಕ್ಕ ಇಡ್ತೀವಿ ಅನ್ನೋದರ ಮೇಲೆ, ಮೇಡಂ. ಅದೇ ಗದ್ದೆಗಳಲ್ಲಿ ಫೀಲ್ಡ್‌ಮನ್ ಅಂದಾಜು 9.4, ಊರಿನ ಹಿಂದಿನ ವರ್ಷದ ಸರಾಸರಿ 8.8, ಸಾದಾ ರಿಡ್ಜ್ ರಿಗ್ರೆಷನ್ 7.6. ರಿಡ್ಜ್‌ಗೂ ಲೈಟ್‌ಜಿಬಿಎಂಗೂ ಅರ್ಧ ಟನ್ ಅಂತರ. ಮೋಡದಿಂದ ಖಾಲಿ ಬಿದ್ದ ಮೌಲ್ಯಗಳನ್ನ ಹಾಗೇ ತಗೊಳ್ಳುತ್ತೆ ಅನ್ನೋ ಕಾರಣಕ್ಕೂ ಲೈಟ್‌ಜಿಬಿಎಂ ಉಳಿಸಿಕೊಂಡೆವು.

ಆದರೆ ಕಾರ್ಖಾನೆಗೆ ಎಂಎಇಗಿಂತ ಬಯಾಸ್ ಮುಖ್ಯ. ಗದ್ದೆಗೊಂದು ದಿಕ್ಕಿನ ತಪ್ಪು ಒಟ್ಟು ಕೂಡಿದಾಗ ಒಂದಕ್ಕೊಂದು ಹೊಡೆದುಕೊಂಡು ಹೋಗುತ್ತೆ, ಒಂದೇ ದಿಕ್ಕಿನ ತಪ್ಪು ಹೋಗಲ್ಲ. 2024ರಲ್ಲಿ ಬಯಾಸ್ ಎಕರೆಗೆ 3.8 ಟನ್ ಹೆಚ್ಚು ಇತ್ತು. ನೋಂದಾಯಿತ 8,000 ಎಕರೆಗೆ ಅದು 30,400 ಟನ್, ಅಂದರೆ ಹನ್ನೆರಡು ದಿನ ಅರೆಯೋ ಕಬ್ಬು ಬರೀ ಕಾಗದದ ಮೇಲೆ.

ಎಂಜಿನಿಯರ್: ಯಾಕೆ ಹಾಗಾಯ್ತು?

ಅಭ್ಯರ್ಥಿ: 2023ರಲ್ಲಿ ಮುಂಗಾರು ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ. 2024ರಲ್ಲಿ ಕಡಿದ ಕಬ್ಬು ನೀರಿನ ಕೊರತೆಯಲ್ಲೇ ಬೆಳೆದದ್ದು, ವಿ.ಸಿ. ನಾಲೆಯ ಕೊನೆ ಭಾಗದ ಊರುಗಳಲ್ಲಿ ತಪ್ಪು ಎಲ್ಲಕ್ಕಿಂತ ಹೆಚ್ಚು. ಅಂಥ ವರ್ಷವನ್ನ ಮಾಡೆಲ್ ನೋಡಿರಲೇ ಇಲ್ಲ.

ಜಲಾಶಯದ ಮಟ್ಟವನ್ನ ಫೀಚರ್ ಮಾಡಿ ಅಂತ ಎಲ್ಲರೂ ಹೇಳಿದರು. ನಾನು ಬೇಡ ಅಂದೆ. ಹದಿನೈದು ಸಾವಿರ ಸಾಲು ಇದ್ದರೂ ಆ ಕಾಲಂನಲ್ಲಿ ವರ್ಷಕ್ಕೊಂದರಂತೆ ಮೂರೇ ಬೆಲೆ. ನೀರಿನ ವಿಷಯದಲ್ಲಿ ನಮ್ಮ ಸ್ಯಾಂಪಲ್ ಮೂರು, ಅಷ್ಟೇ. ಲೈಟ್‌ಜಿಬಿಎಂನಂಥ ಟ್ರೀ ಮಾಡೆಲ್ ಅದನ್ನ ಹಂಗಾಮಿನ ನಂಬರಿನ ಹಾಗೆ ಬಳಸಿಬಿಡುತ್ತೆ, ಕಂಡಿಲ್ಲದ ಮಟ್ಟಕ್ಕೆ ಹೊರಚಾಚಿ ಹೇಳೋದಂತೂ ಆಗಲ್ಲ. ಬದಲಿಗೆ ಗದ್ದೆಯಿಂದ ಗದ್ದೆಗೆ ಬದಲಾಗುವ ತೇವದ ಸೂಚ್ಯಂಕ ಹಾಕಿದೆವು, `NDMI = (B8A - B11) / (B8A + B11)`, ಅದರ ಮೂರು ತಿಂಗಳ ಇಳಿಕೆಯ ದರ. ಒಳ್ಳೇ ಮಳೆಯ ವರ್ಷದಲ್ಲೂ ಕೊನೆ ಭಾಗದಲ್ಲಿ ಬಾಯಾರಿದ ಗದ್ದೆಗಳು ಇದ್ದೇ ಇರುತ್ತವೆ, ಮಾಡೆಲ್ ಅವುಗಳಿಂದ ಕಲಿಯುತ್ತೆ. ಬಯಾಸ್ 1.6ಕ್ಕೆ, ಎಂಎಇ 6.5ಕ್ಕೆ ಇಳಿಯಿತು.

ಮುಖ್ಯಸ್ಥೆ: ಟೆಸ್ಟ್ ನೋಡಿ ಫೀಚರ್ ಸೇರಿಸಿದಿರಿ. ಆಮೇಲೆ ಆ 6.5ಕ್ಕೆ ಏನು ಬೆಲೆ?

ಅಭ್ಯರ್ಥಿ: ಟೆಸ್ಟ್ ಅಂಕಿ ಅಂತ ಬೆಲೆ ಇಲ್ಲ. 2024 ಅಲ್ಲಿಗೆ ಡೆವಲಪ್‌ಮೆಂಟ್ ಸೆಟ್ ಆಯ್ತು. ಮಾಡೆಲ್ ಫ್ರೀಜ್ ಮಾಡಿ, 2025ರ ಮೇ ಅಂದಾಜನ್ನ ಹಂಗಾಮು ಶುರುವಾಗೋ ಮೊದಲೇ ಕಾರ್ಖಾನೆಯ ಕೈಗೆ ಕೊಟ್ಟೆವು. ಆ ಹಂಗಾಮು ಮುಗಿದ ಮೇಲೆ: ಎಂಎಇ 6.6, ಬಯಾಸ್ 0.4 ಕಡಿಮೆ, ಫೀಲ್ಡ್‌ಮನ್ ಅಂದಾಜಿನ ಎಂಎಇ 8.7. ಎರಡೂ ಮಾಡೆಲ್ ಸೇರಿಸಿ ವಾರದ ಆವಕ ಲೆಕ್ಕ ಹಾಕಿದಾಗ ಒಟ್ಟು ತಪ್ಪು ಶೇ. 12, ಅವರ ಹಳೇ ಪದ್ಧತಿಯಲ್ಲಿ ಶೇ. 21. 0.1 ಮತ್ತು 0.9ರ ಅಂದಾಜುಗಳ ನಡುವಿನದನ್ನ ಶೇ. 80ರ ವ್ಯಾಪ್ತಿ ಅಂತ ಹೇಳಿದ್ದು 2024ರಲ್ಲಿ ಶೇ. 69 ಗದ್ದೆಗಳನ್ನಷ್ಟೇ ಹಿಡಿದಿತ್ತು. ಕನ್ಫಾರ್ಮಲ್ ವಿಧಾನದಿಂದ 2024ರ ಮೇಲೆ ಅದನ್ನ ಸರಿಹೊಂದಿಸಿದ ಮೇಲೆ 2025ರಲ್ಲಿ ಶೇ. 78.

ಎಂಜಿನಿಯರ್: ಮಿಲ್ ನಿಲ್ಲೋದು ಕಡಿಮೆ ಆಯ್ತಾ?

ಅಭ್ಯರ್ಥಿ: ಕಬ್ಬಿಲ್ಲದೆ ನಿಂತ ಗಂಟೆಗಳು 140ರಿಂದ 85ಕ್ಕೆ ಇಳಿದವು. ಅದನ್ನ ಪೂರ್ತಿ ಮಾಡೆಲ್ ಲೆಕ್ಕಕ್ಕೆ ಬರೆಯೋಕಾಗಲ್ಲ, ಸಾರ್. ಹಿಂದಿನ ಹಂಗಾಮಿನ ಪೈರಿಗೆ ಸಿಗದ ನೀರು ಈ ಪೈರಿಗೆ ಸಿಕ್ಕಿತ್ತು, ಕಬ್ಬೇ ಹೆಚ್ಚಿತ್ತು. ಬೇರ್ಪಡಿಸಿ ತೋರಿಸಬೇಕಾದರೆ ಕೆಲವು ವಲಯಗಳಿಗೆ ಹಳೇ ಪದ್ಧತಿಯಲ್ಲೇ ಪರ್ಮಿಟ್ ಕೊಟ್ಟು ಹೋಲಿಸಬೇಕಿತ್ತು, ಅದಕ್ಕೆ ಅವರು ಒಪ್ಪಲಿಲ್ಲ.

ಮುಖ್ಯಸ್ಥೆ: ನಾಳೆ ಇನ್ನೊಂದು ಕಾರ್ಖಾನೆಗೆ ಇದನ್ನೇ ಮಾಡಿ ಅಂದರೆ ಮೊದಲ ವಾರ ಏನು ಬದಲಿಸ್ತೀರಿ?

ಅಭ್ಯರ್ಥಿ: ಚಿತ್ರ ಇಳಿಸೋದಕ್ಕೆ ಮೊದಲು ಪರ್ಮಿಟ್ ಮತ್ತು ಚೀಟಿಯ ಟೇಬಲ್ ಕೇಳ್ತೀನಿ, ವೇ ಬ್ರಿಡ್ಜ್ ಗುಮಾಸ್ತರ ಪಕ್ಕ ಕೂತು ಒಂದು ಚೀಟಿ ಹೇಗೆ ಹುಟ್ಟುತ್ತೆ ಅಂತ ನೋಡ್ತೀನಿ. ನಮ್ಮಲ್ಲಿ ಆಲೆಮನೆ ವಿಷಯ ಹೊರಬಿದ್ದದ್ದು ಫೀಲ್ಡ್‌ಮನ್ ಒಬ್ಬರ ಬಾಯಿಂದ, ಅದೂ ಮೊದಲ ಮಾಡೆಲ್ ಆದ ಮೇಲೆ. ಎರಡನೇದು, ಪ್ರತಿ ಫೀಚರ್ ಪಕ್ಕದಲ್ಲಿ ಅದು ಯಾವ ದಿನಾಂಕಕ್ಕೆ ಗೊತ್ತಾಗುತ್ತೆ ಅನ್ನೋ ಕಾಲಂ ಇಡ್ತೀನಿ. ಅಂದಾಜಿನ ದಿನಕ್ಕಿಂತ ಮುಂದಿನದಾದರೆ ಟ್ರೈನಿಂಗ್ ಕೋಡ್ ಅಲ್ಲೇ ನಿಲ್ಲಬೇಕು. ಕನ್ಫಾರ್ಮಲ್ ಹೊಂದಾಣಿಕೆಯನ್ನ ನಾಲೆಯ ಮೇಲ್ಭಾಗಕ್ಕೂ ಕೊನೆ ಭಾಗಕ್ಕೂ ಬೇರೆಬೇರೆ ಮಾಡ್ತೀನಿ. ಒಟ್ಟು ಶೇ. 78 ಇದ್ದರೂ ಕೊನೆ ಭಾಗದ ಊರುಗಳಲ್ಲಿ ಅದು ಶೇ. 66 ಅಷ್ಟೇ ಇತ್ತು.

ಎಂಜಿನಿಯರ್: ಆ ದಿನಾಂಕದ ಕಾಲಂ ಫೀಚರ್ ಟೇಬಲ್‌ನಲ್ಲೇ ಇಡ್ತೀರೋ, ಬೇರೆ ಟೇಬಲ್ಲೋ? ಸ್ಕೀಮಾ ಬರೆದು ತೋರಿಸಿ.