ಎಸ್, ಇಎಸ್, ಐಇಎಸ್ ಹಾಡು

ನಾಲ್ಕನೇ ಮತ್ತು ಐದನೇ ತರಗತಿ ಮಕ್ಕಳೇ, ಇದು ನಮ್ಮ ಚಿತ್ತಾಪುರ ತಾಲೂಕಿನ ಶಾಲೆಗೆ ಅಂತ ಕಟ್ಟಿದ ಹಾಡು. ಇಂಗ್ಲಿಷ್ ಪದವನ್ನು ಬಹುವಚನ ಮಾಡುವಾಗ ಕೊನೆಗೆ ಏನು ಹಚ್ಚಬೇಕು ಅಂತ ಇದು ಹೇಳುತ್ತದೆ. ಇಂಗ್ಲಿಷ್ ಪಿರಿಯಡ್‌ನಲ್ಲಿ ನೋಟ್‌ಬುಕ್ ತೆರೆಯುವ ಮುಂಚೆ ಹಾಡೋಣ. ಅರ್ಧ ತರಗತಿ ಒಂದು ಸಾಲು ಹೇಳಲಿ, ಉಳಿದ ಅರ್ಧ ಮುಂದಿನ ಸಾಲು ಹೇಳಲಿ. ಪಲ್ಲವಿ ಮಾತ್ರ ಎಲ್ಲರೂ ಸೇರಿ, ಜೋರಾಗಿ.

ಪಲ್ಲವಿ

ಒಂದೇ ಇದ್ದರೆ ಹಾಗೇ ಬಿಡು,
ಜಾಸ್ತಿ ಇದ್ದರೆ ಕೊನೆ ನೋಡು!
ಕೊನೆಯ ಅಕ್ಷರ ಯಾವುದು ಹೇಳು,
ಬಾಯಲಿ ನುಡಿದು ಕಿವಿಯಲಿ ಕೇಳು!

ಎಸ್

ಕಲಬುರಗಿಗೆ ಹೊರಟಿತು ಕಾರು,
ಒಂದರ ಹಿಂದೆ ಬಂದವು ನೂರು!
ಸಿ ಎ ಆರ್ ಕಾರ್, ಎಸ್ ಸೇರಿಸು,
ಕಾರ್ಸ್ ಅಂತ ಜೋರಾಗಿ ಕೇಳಿಸು!

ಬೀದರದಲ್ಲಿ ಒಂದು ಫೋರ್ಟ್,
ಯಾದಗಿರಿಯಲಿ ಇನ್ನೊಂದು ಫೋರ್ಟ್,
ಕಲಬುರಗಿಯದೂ ಸೇರಿಸಿ ಎಣಿಸು,
ಎಫ್ ಓ ಆರ್ ಟಿಗೆ ಎಸ್ ಜೋಡಿಸು!

ತೊಗರಿ ಹೊಲದಲಿ ಗಿಡವೋ ಗಿಡ,
ಪ್ಲಾಂಟಿಗೆ ಎಸ್ ಹಚ್ಚು, ತಡ ಬೇಡ!

ಹೆಚ್ಚಿನ ಪದಗಳಿಗೆ ಇಷ್ಟೇ ಸಾಕು. ಮುಂದಿನದಕ್ಕೆ ಎರಡೂ ಕೈ ಖಾಲಿ ಇರಲಿ, ಚಪ್ಪಾಳೆ ಹೊಡೆಯಬೇಕು.

ಇಎಸ್

ಸೇಡಂ ಬಸ್ಸು, ಆಳಂದ ಬಸ್ಸು,
ಅಫಜಲಪುರಕೆ ಇನ್ನೊಂದು ಬಸ್ಸು!
ಬಿ ಯು ಎಸ್‌ಗೆ ಬರೀ ಎಸ್ ಹಾಕಿದರೆ
ಬಸ್‌ಸ್ಸ್ ಅಂತ ಹಾವಿನ ಬುಸ್ಸು!

ನಡುವೆ ಕರೆ ನೀ ಇ ಅಕ್ಷರ,
ಬಸಸ್ ಅಂದರೆ ಬಾಯಿಗೆ ಹಗುರ!
ಬಿ ಯು ಎಸ್ ಇ ಎಸ್, ಬಸಸ್ ಬಸಸ್,
ಚಪ್ಪಾಳೆ ಎರಡು, ಇಎಸ್ ಇಎಸ್!

ಈಗ ಹೊಡೆದು ನೋಡಿ. ಕಾರ್ ಅಂದರೆ ಒಂದು ಚಪ್ಪಾಳೆ, ಕಾರ್ಸ್ ಅಂದರೂ ಒಂದೇ. ಬಸ್ ಅಂದರೆ ಒಂದು, ಬಸಸ್ ಅಂದರೆ ಎರಡು. ಚಪ್ಪಾಳೆ ಹೆಚ್ಚಾಯಿತು ಅಂದರೆ ಅಲ್ಲಿ ಇ ಸದ್ದು ಬಂದಿದೆ ಅಂತ ಅರ್ಥ. ಕೆಳಗಿನ ಐದು ಸಾಲಿಗೂ ಹೀಗೇ ಹೊಡೆಯಿರಿ.

ಎಸ್ ಕೊನೆಗಿದ್ದರೆ ಗ್ಲಾಸ್, ಗ್ಲಾಸಸ್!
ಎಕ್ಸ್ ಕೊನೆಗಿದ್ದರೆ ಬಾಕ್ಸ್, ಬಾಕ್ಸಸ್!
ಝಡ್ ಕೊನೆಗಿದ್ದರೆ ಬಝ್, ಬಝಸ್!
ಸಿಎಚ್ ಇದ್ದರೆ ಬೆಂಚ್, ಬೆಂಚಸ್!
ಎಸ್‌ಎಚ್ ಇದ್ದರೆ ಬ್ರಷ್, ಬ್ರಷಸ್!

ಕಪ್ಪು ತಟ್ಟೆಗೆ ಬೆಳ್ಳಿಯ ಹೂವು,
ಬೀದರ ಬಿದರಿ ಬಲ್ಲೆವು ನಾವು!
ಒಂದೇ ತಟ್ಟೆ ಡಿಶ್ ಅನ್ನೋಣ,
ಸಾಲಲಿ ಇಟ್ಟರೆ ಡಿಶಸ್ ಬರೆಯೋಣ!

ಹೊಟ್ಟೆಗೆ ಸ್ಟಮಕ್, ಕೊನೆಗೆ ಸಿಎಚ್,
ಬಾಯಲಿ ಮಾತ್ರ ಕ ಅನ್ನುತ್ತೆ!
ಚ ಸದ್ದಿಲ್ಲ, ಇ ಬೇಕಿಲ್ಲ,
ಸ್ಟಮಕ್ಸ್‌ಗೆ ಎಸ್ಸೇ ಸಾಕಾಗುತ್ತೆ!

ಹೌಸ್, ಹಾರ್ಸ್, ರೋಸ್, ಪೇಜ್,
ಕೊನೆಯಲಿ ಇ ಆಗಲೇ ಕೂತಿದೆ!
ಇನ್ನೊಂದು ಇ ಯಾಕೆ ಬೇಕು?
ಎಸ್ ಒಂದೇ ಬಾಕಿ ಉಳಿದಿದೆ!

ಐಇಎಸ್

ಇಲ್ಲಿ ನಿಲ್ಲಿ ಮಕ್ಕಳೇ. ಬೇಬಿಗೆ ಎರಡು ಚಪ್ಪಾಳೆ, ಬೇಬೀಸ್‌ಗೂ ಎರಡೇ. ಕಿವಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ? ಅದಕ್ಕೇ ವೈ ಬಂದಾಗ ಕಣ್ಣು ಬೇಕು. ಈ ಭಾಗವನ್ನು ನಿಧಾನಕ್ಕೆ ಹಾಡಿ, ಎರಡು ಸಲ ಹಾಡಿ. ಹೆಚ್ಚು ತಪ್ಪು ಆಗುವುದು ಇಲ್ಲೇ.

ವೈ ಬಂತಂದ್ರೆ ಪೆನ್ಸಿಲ್ ನಿಲ್ಲಿಸು,
ಎಡಗಡೆ ಯಾರು? ಬೆರಳಿಟ್ಟು ತೋರಿಸು!
ಎ ಇ ಐ ಓ ಯು, ಸ್ವರಗಳು ಐದು,
ಬೆರಳಿಗೆ ಒಂದೊಂದು, ಕೈಯೊಳಗೆ ಐದು!

ಸ್ವರ ಜೊತೆಗಿದ್ದರೆ ವೈಗೆ ಧೈರ್ಯ,
ಎಸ್ ಒಂದೇ ಹಚ್ಚು, ಮುಗೀತು ಕಾರ್ಯ!
ಬಾಯ್ ಬಾಯ್ಸ್, ಟಾಯ್ ಟಾಯ್ಸ್,
ಕೀ ಕೀಸ್, ಡೇ ಡೇಸ್!

ಯಾದಗಿರಿ ಗುಡ್ಡ ಹತ್ತುವಾಗ
ಮಂಕಿ ಒಂದು ಬಂದಿತು ಬೇಗ!
ಜೋಳದ ರೊಟ್ಟಿಯ ವಾಸನೆ ಹಿಡಿದು
ಮಂಕೀಸ್ ಬಂದವು ಬಂಡೆಯ ಜಿಗಿದು!
ಎಂ ಓ ಎನ್ ಕೆ ಇ ವೈ ಎಸ್,
ಎಡಕ್ಕೆ ಇ ಇದೆ, ಸಾಕು ಎಸ್!

(ಈಗ ದನಿ ಏರಿಸಿ.)

ವ್ಯಂಜನ ಪಕ್ಕಕೆ ಕೂತಿತು ಅಂದ್ರೆ
ವೈಗೆ ಅಲ್ಲಿ ತೊಂದ್ರೆ ತೊಂದ್ರೆ!
ವೈ ಹೊರಟಿತು, ಐ ಬಂದಿತು,
ಇಎಸ್ ಅನ್ನೂ ಜೊತೆಗೆ ತಂದಿತು!

ಬಿ ಎ ಬಿ ವೈ, ಬೇಬಿ ಒಬ್ಬಳು,
ತೊಟ್ಟಿಲ ಒಳಗೆ ಕಣ್ಣು ಬಿಟ್ಟಳು!
ತಂಗಿ ಹುಟ್ಟಿದಳು, ಇಬ್ಬರಾದರು,
ಬಿ ಎ ಬಿ ಐ ಇ ಎಸ್, ಬೇಬೀಸ್ ಆದರು!

ಶಹಾಬಾದಿನ ಕಲ್ಲನು ಹೊತ್ತು
ಲಾರಿ ಒಂದು ಸಾಗುತಲಿತ್ತು,
ಎದುರಿಗೆ ಇನ್ನೊಂದು ಹಾರ್ನ್ ಹಾಕಿತು,
ಎಲ್ ಓ ಆರ್ ಆರ್, ವೈ ಎಲ್ಲೋ ಹೋಯಿತು!
ಎಲ್ ಓ ಆರ್ ಆರ್ ಐ ಇ ಎಸ್,
ಲಾರೀಸ್ ಸಾಲಿಗೆ ಐಇಎಸ್!

ಅಜ್ಜಿಯ ಸ್ಟೋರಿ ಕೇಳಿದೆ ಒಂದು,
ಇನ್ನೊಂದು ಹೇಳಜ್ಜಿ, ಮತ್ತೂ ಒಂದು!
ಸ್ಟೋರಿಯ ವೈಗೆ ಎಡಗಡೆ ಆರ್,
ಸ್ಟೋರೀಸ್ ಬರೆಯಲು ಐಇಎಸ್ ತಯಾರ್!

ಕೊನೆಗೆ ಓ ಬಂದರೆ

ಇದಕ್ಕೆ ಒಂದೇ ನಿಯಮ ಅಂತ ಇಲ್ಲ. ಸುಮ್ನೆ ಬಾಯಿಪಾಠ ಮಾಡಬೇಕು.

ಕಣ್ಣಿ ಮಾರ್ಕೆಟಿಗೆ ಹೋದಳು ಅಕ್ಕ,
ಚೀಲ ತುಂಬಿ ಹಾಕಿದಳು ಲೆಕ್ಕ!
ಟೊಮೇಟೊಗೆ ಇಎಸ್, ಪೊಟೇಟೊಗೆ ಇಎಸ್,
ಬಂದಿದ್ದು ಆಟೋ, ಆಟೋಗೆ ಎಸ್!
ಫೋಟೋಗೆ ಎಸ್, ರೇಡಿಯೋಗೆ ಎಸ್,
ಸಿನಿಮಾ ಹೀರೋಗೆ ಮತ್ತೆ ಇಎಸ್!
ಮ್ಯಾಂಗೋಗೆ ಎಸ್ಸೂ ಸರಿ, ಇಎಸ್ಸೂ ಸರಿ,
ಹಣ್ಣು ತಿಂದು ಕೈ ತೊಳೆದು ಬರಿ!

ಕೆಲಸ ಹೇಳುವ ಪದಕ್ಕೂ ಇದೇ

ಹಿ, ಶಿ, ಇಟ್ ಅಂತ ಒಬ್ಬರ ಬಗ್ಗೆ ಹೇಳುವಾಗ ಕ್ರಿಯಾಪದಕ್ಕೂ ಇದೇ ಹಾಡು ನಡೆಯುತ್ತದೆ. ಇಲ್ಲಿ ಎಸ್ ಬಂದರೆ ಜನ ಜಾಸ್ತಿ ಅಂತ ಅಲ್ಲ. ಅದನ್ನು ಮರೆಯಬೇಡಿ.

ತಮ್ಮನು ಆಡಿದರೆ ಹಿ ಪ್ಲೇಸ್,
ಎಡಕ್ಕೆ ಎ ಇದೆ, ಬರಿ ಎಸ್!
ಅಕ್ಕನು ಓದಿದರೆ ಶಿ ಸ್ಟಡೀಸ್,
ಎಡಕ್ಕೆ ಡಿ ಇದೆ, ಐಇಎಸ್!
ಅಪ್ಪ ಬಟ್ಟೆ ತೊಳೆದರೆ ಹಿ ವಾಶಸ್,
ಎಸ್‌ಎಚ್ ಕೊನೆಗಿದೆ, ಅದಕೆ ಇಎಸ್!
ಅವ್ವ ಹೊಲಕೆ ಹೋದರೆ ಶಿ ಗೋಸ್,
ಜಿ ಓ ಗೋ, ಅದಕೂ ಇಎಸ್!

ಸವಾಲ್ ಜವಾಬ್

ಮ್ಯಾನ್, ಚೈಲ್ಡ್, ಫೂಟ್ ಈ ಹಾಡಿಗೆ ಸೇರುವುದಿಲ್ಲ. ಅವು ಮೈಯನ್ನೇ ಬದಲಿಸುವ ಪದಗಳು, ಅವುಗಳನ್ನು ಬೇರೆ ದಿನ ನೋಡೋಣ. ಈಗ ನಾನು ಪದ ಹೇಳುತ್ತೇನೆ. ನೀವು ಏನು ಹಚ್ಚಬೇಕು ಅಂತ ಕೂಗಿ ಹೇಳಿ. ಹಿಂದಿನ ಬೆಂಚಿನವರ ದನಿಯೂ ಕೇಳಬೇಕು!

ಬುಕ್? ಎಸ್!
ವಾಚ್? ಇಎಸ್!
ಸಿಟಿ? ಐಇಎಸ್!
ಟ್ರೇ? ಎಡಕ್ಕೆ ಎ, ಎಸ್!
ಫಾಕ್ಸ್? ಇಎಸ್!
ಹಾರ್ಸ್? ಇ ಇದೆ, ಎಸ್!
ಫ್ಲೈ? ಎಡಕ್ಕೆ ಎಲ್, ಐಇಎಸ್!
ಆಟೋ? ಎಸ್!
ಡ್ರೆಸ್? ಇಎಸ್!
ಕ್ರೈ? ಎಡಕ್ಕೆ ಆರ್, ಐಇಎಸ್, ಐಇಎಸ್, ಐಇಎಸ್!