ಹಲಸಿನ ಮರದ ತೂಕ ಎಲ್ಲಿಂದ ಬಂತು? (ದ್ಯುತಿಸಂಶ್ಲೇಷಣೆ: 10ನೇ ತರಗತಿಯ ವಿಡಿಯೊ ಪಾಠದ ಸ್ಕ್ರಿಪ್ಟ್)

ಅವಧಿ: 9 ನಿಮಿಷ. ಪರದೆಯಲ್ಲಿ: ಶಿಕ್ಷಕಿ, ಒಬ್ಬ ವಿದ್ಯಾರ್ಥಿನಿ. ಜಾಗ: ಶಾಲೆಯ ಹಿತ್ತಲು, ಪ್ರಯೋಗಾಲಯದ ಮೇಜು.

ಎಡಿಟಿಂಗ್ ಮಾಡುವವರಿಗೆ, ಮೊದಲೇ: ಪರದೆಯ ಬರಹವನ್ನೆಲ್ಲ ಯೂನಿಕೋಡ್‌ನಲ್ಲೇ ಕಳಿಸಿದ್ದೇವೆ. ಹಳೆಯ ನುಡಿ ಫಾಂಟಿಗೆ ಬದಲಿಸಿದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅಕ್ಷರ ಚೆದುರುತ್ತದೆ. 1080ರ ಪರದೆಯಲ್ಲಿ ಅಕ್ಷರದ ಎತ್ತರ 54 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಏಕೆಂದರೆ ಕೊನೆಯ ಬೆಂಚಿನವರೂ ಓದಬೇಕು. ‘ದ್ಯುತಿಸಂಶ್ಲೇಷಣೆ’ಯಂಥ ಪದದ ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಗ ಬಿಡಿ. ಬಾಣಗಳ ಬಣ್ಣ: ನೀರು ನೀಲಿ, CO₂ ಬಿಳಿ, ಆಮ್ಲಜನಕ ಹಳದಿ, ಸಕ್ಕರೆ ಕಿತ್ತಳೆ. ಹಸಿರು ಎಲೆಯ ಮೇಲೆ ಕೆಂಪು ಬಾಣ ಬೇಡವೇ ಬೇಡ. ಕೆಂಪು-ಹಸಿರು ಬೇರ್ಪಡಿಸಲಾಗದ ಹುಡುಗರು ತರಗತಿಯಲ್ಲಿರುತ್ತಾರೆ.

---

ದೃಶ್ಯ 1 (0:00–0:45) ಹಿತ್ತಲು

ಚಿತ್ರೀಕರಣ: ಶಿಕ್ಷಕಿಯ ಅಂಗೈ, ಅದರಲ್ಲಿ ಒಂದು ಹಲಸಿನ ಬೀಜ. ತೀರಾ ಹತ್ತಿರದಿಂದ. ಬಳಿಕ ಕ್ಯಾಮೆರಾ ನಿಧಾನಕ್ಕೆ ಮೇಲೇಳಬೇಕು, ಹಿಂದೆ ನಿಂತ ಹಲಸಿನ ಮರ ತುದಿಯವರೆಗೆ ಕಾಣಬೇಕು.

ಶಿಕ್ಷಕಿ: ಮಕ್ಕಳೇ, ಈ ಬೀಜ ಹುಗಿದರೆ ಇಂಥದೇ ಮರ ಆಗುತ್ತೆ. ಕಾಂಡ, ಕೊಂಬೆ, ಎಲೆ, ಹಣ್ಣು ಎಲ್ಲ ಸೇರಿ ನೂರಾರು ಕಿಲೋ. ಇಷ್ಟು ಸಾಮಾನು ಎಲ್ಲಿಂದ ಬಂತು?

ವಿದ್ಯಾರ್ಥಿನಿ: ಮಣ್ಣಿಂದ, ಮಿಸ್. ಬೇರು ಹೀರಿಕೊಳ್ಳುತ್ತಲ್ಲ.

ಶಿಕ್ಷಕಿ: ಹಾಗಾದರೆ ಮರದ ಬುಡದಲ್ಲಿ ಬಾವಿಯಷ್ಟು ದೊಡ್ಡ ಗುಂಡಿ ಬೀಳಬೇಕಿತ್ತು. ಎಲ್ಲಿದೆ?

(ಕ್ಯಾಮೆರಾ ಬುಡದ ಸಮತಟ್ಟು ನೆಲಕ್ಕೆ. ಮೂರು ಸೆಕೆಂಡು ಮೌನ. ಸಂಗೀತ ತುಂಬಬೇಡಿ.)

ಪರದೆ: ಮರದ ತೂಕ ಎಲ್ಲಿಂದ ಬಂತು?

---

ದೃಶ್ಯ 2 (0:45–1:30) ತಕ್ಕಡಿ

ರೇಖಾಚಿತ್ರ 1: ಎಡಕ್ಕೆ ಕುಂಡದಲ್ಲಿ ಸಣ್ಣ ವಿಲ್ಲೋ ಗಿಡ, ಬಲಕ್ಕೆ ಅದೇ ಕುಂಡದಲ್ಲಿ ದೊಡ್ಡ ಮರ. ಕುಂಡದ ಮಣ್ಣಿನ ಮಟ್ಟ ಎರಡರಲ್ಲೂ ಒಂದೇ ಇರಲಿ.

ಹಿನ್ನೆಲೆ ಧ್ವನಿ: ಈ ಪ್ರಶ್ನೆಗೆ ತಕ್ಕಡಿ ಹಿಡಿದು ಹೊರಟವರು ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್. ಸುಮಾರು 90 ಕಿಲೋ ಒಣಮಣ್ಣಿನಲ್ಲಿ ಎರಡೂಕಾಲು ಕಿಲೋ ತೂಕದ ಗಿಡ ನೆಟ್ಟರು. ಐದು ವರ್ಷ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಗಿಡ ಸುಮಾರು 77 ಕಿಲೋ ಆಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ, ಕಡಿಮೆಯಾದದ್ದು ಬರೀ 57 ಗ್ರಾಂ! 1648ರಲ್ಲಿ, ಅವರು ತೀರಿಹೋದ ಮೇಲೆ, ಇದು ಅಚ್ಚಾಯಿತು.

ಪರದೆ (ಧ್ವನಿಯ ಜೊತೆಗೇ, ಒಂದೊಂದಾಗಿ): ಗಿಡ: 2¼ ಕಿಲೋ → 77 ಕಿಲೋ / ಮಣ್ಣಿನ ನಷ್ಟ: 57 ಗ್ರಾಂ

ಶಿಕ್ಷಕಿ: ಹಾಗಾದರೆ ಎಲ್ಲ ನೀರಿಂದಲೇ ಬಂತು ಅಂದುಕೊಂಡರು ಹೆಲ್ಮಾಂಟ್. ಅವರ ಲೆಕ್ಕ ಸರಿ, ತೀರ್ಮಾನ ತಪ್ಪು. ಎಲ್ಲಿ ತಪ್ಪಿತು ಅಂತ ಎಲೆಯೊಳಗೆ ಹೊಕ್ಕು ನೋಡೋಣ.

---

ದೃಶ್ಯ 3 (1:30–2:40) ಎಲೆಯ ಅಡ್ಡಸೀಳಿಕೆ

ರೇಖಾಚಿತ್ರ 2: ಖಾಲಿ ಬಾಹ್ಯರೇಖೆಯಿಂದ ಆರಂಭ. ಧ್ವನಿ ಹೇಳಿದ ಭಾಗ ಮಾತ್ರ ಮೂಡಬೇಕು, ಹೆಸರು ಅದರ ಪಕ್ಕದಲ್ಲೇ. ಎಲ್ಲ ಹೆಸರನ್ನೂ ಒಟ್ಟಿಗೆ ತೋರಿಸಿದರೆ ಮಕ್ಕಳು ಓದುವುದರಲ್ಲಿ ಮುಳುಗಿ ಮಾತು ಕೇಳುವುದಿಲ್ಲ.

ಹಿನ್ನೆಲೆ ಧ್ವನಿ: ಮೇಲೆ ಮೇಣದಂಥ ತೆಳು ಪದರ. (ಬರಹ: ಕ್ಯುಟಿಕಲ್) ಅದರಡಿ ಹೊರಚರ್ಮ. ಅದರ ಕೆಳಗೆ ಕಂಬ ನಿಲ್ಲಿಸಿದಂತೆ ಒತ್ತೊತ್ತಾಗಿ ನಿಂತ ಉದ್ದನೆಯ ಜೀವಕೋಶಗಳು. ಹಸಿರು ಕಣಗಳು ಹೆಚ್ಚು ತುಂಬಿರುವುದು ಇವುಗಳಲ್ಲೇ, ಬಿಸಿಲು ಮೊದಲು ಬೀಳುವುದು ಇಲ್ಲಿ ತಾನೆ? ನಡುವೆ ಹಾದುಹೋಗುವ ನರಗಳಲ್ಲಿ ಎರಡು ಬಗೆಯ ಕೊಳವೆಗಳಿವೆ. ಕ್ಸೈಲಂ ಬೇರಿನಿಂದ ನೀರು ತರುತ್ತದೆ, ಫ್ಲೋಯಂ ಇಲ್ಲಿ ತಯಾರಾದ ಆಹಾರವನ್ನು ಸಕ್ಕರೆಯ ರೂಪದಲ್ಲಿ ಬೇರೆಡೆಗೆ ಒಯ್ಯುತ್ತದೆ.

(ನೀಲಿ ಬಾಣ ಕ್ಸೈಲಂನಿಂದ ಒಳಕ್ಕೆ. ಕಿತ್ತಳೆ ಬಾಣ ಫ್ಲೋಯಂಗೆ ಈಗಲೇ ಬೇಡ, ದೃಶ್ಯ 4ರ ಕೊನೆಗೆ.)

ಹಿನ್ನೆಲೆ ಧ್ವನಿ: ಈಗ ಎಲೆಯ ತಳಭಾಗ. ತುಟಿಗಳಂತಿರುವ ಎರಡು ಕಾವಲು ಕೋಶಗಳು, ನಡುವೆ ಒಂದು ಕಂಡಿ. ಇದೇ ಪತ್ರರಂಧ್ರ. ಕಾವಲು ಕೋಶಗಳು ನೀರು ತುಂಬಿ ಉಬ್ಬಿದರೆ ರಂಧ್ರ ತೆರೆಯುತ್ತದೆ, ನೀರು ಕಳೆದುಕೊಂಡು ಕುಗ್ಗಿದರೆ ಮುಚ್ಚುತ್ತದೆ.

ರೇಖಾಚಿತ್ರ 2-ಅ: ಒಂದೇ ರಂಧ್ರ, ತೆರೆದದ್ದು ಮತ್ತು ಮುಚ್ಚಿದ್ದು, ಅಕ್ಕಪಕ್ಕ. ಕಾವಲು ಕೋಶದ ಒಳಗೋಡೆ ದಪ್ಪ, ಹೊರಗೋಡೆ ತೆಳು. ಉಬ್ಬಿದಾಗ ಬಾಗುವುದು ಇದರಿಂದಲೇ, ಆದ್ದರಿಂದ ಗೆರೆಗಳನ್ನು ಒಂದೇ ದಪ್ಪಕ್ಕೆ ಬಿಡಿಸಬೇಡಿ.

ಶಿಕ್ಷಕಿ: ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಬರೀ 0.04 ಪ್ರತಿಶತ. ಅಂದರೆ ಹತ್ತು ಸಾವಿರ ಅಣುಗಳಲ್ಲಿ ನಾಲ್ಕು! ಅದನ್ನು ಹಿಡಿಯಲು ಬಾಗಿಲು ತೆರೆದರೆ ಅದೇ ಬಾಗಿಲಿಂದ ನೀರು ಆವಿಯಾಗಿ ಹೋಗುತ್ತೆ. ಸುಡುಬಿಸಿಲಲ್ಲಿ ನೀರು ಸಾಲದೆ ಬಾಡಿದ ಗಿಡ ರಂಧ್ರ ಮುಚ್ಚಿಕೊಂಡಾಗ, ಬೆಳಕಿದ್ದರೂ ಆಹಾರ ತಯಾರಿ ಕುಂಟುವುದು ಇದಕ್ಕೇ.

---

ದೃಶ್ಯ 4 (2:40–4:40) ಹಸಿರು ಕಣದೊಳಗೆ

ರೇಖಾಚಿತ್ರ 3: ಒಂದು ಕ್ಲೋರೋಪ್ಲಾಸ್ಟ್. ಒಳಗೆ ನಾಣ್ಯ ಪೇರಿಸಿದಂಥ ಥೈಲಕಾಯ್ಡ್ ಅಟ್ಟಿಗಳು, ಸುತ್ತ ಸ್ಟ್ರೋಮಾ ದ್ರವ.

ಹಿನ್ನೆಲೆ ಧ್ವನಿ: ಪತ್ರಹರಿತ್ತು ಇರುವುದು ಈ ಥೈಲಕಾಯ್ಡ್‌ಗಳ ಪೊರೆಯಲ್ಲಿ. ಅದು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚಾಗಿ ಹೀರುತ್ತದೆ, ಹಸಿರನ್ನು ಕಡಿಮೆ. ಎಲೆ ನಮಗೆ ಹಸಿರಾಗಿ ಕಾಣುವುದು ಅದಕ್ಕೇ.

ಪರದೆ: 1. ಪತ್ರಹರಿತ್ತು ಬೆಳಕು ಹೀರುತ್ತದೆ
2. ನೀರು ಒಡೆಯುತ್ತದೆ, ಬೆಳಕಿನ ಶಕ್ತಿ ರಾಸಾಯನಿಕ ಶಕ್ತಿಯಾಗುತ್ತದೆ
3. CO₂ ಕಾರ್ಬೋಹೈಡ್ರೇಟ್ ಆಗುತ್ತದೆ

(1 ಮತ್ತು 2 ಹೇಳುವಾಗ ಅಟ್ಟಿಗಳು ಬೆಳಗಲಿ, 3ಕ್ಕೆ ಸ್ಟ್ರೋಮಾ. ಮೂರನೆಯದಕ್ಕೆ ‘ಕತ್ತಲ ಕ್ರಿಯೆ’ ಎಂದು ಎಲ್ಲೂ ಬರೆಯಬೇಡಿ. ಅದು ರಾತ್ರಿ ನಡೆಯುತ್ತದೆ ಎಂದು ಮಕ್ಕಳು ಉತ್ತರ ಪತ್ರಿಕೆಯಲ್ಲಿ ಬರೆಯುತ್ತಾರೆ.)

ಶಿಕ್ಷಕಿ (ಹಲಗೆಯ ಮುಂದೆ): ಸಮೀಕರಣವನ್ನು ಹೀಗೆ ಬರೆದಿರುವುದನ್ನು ನೋಡಿರುತ್ತೀರಿ.

ಪರದೆ: 6CO₂ + 6H₂O → C₆H₁₂O₆ + 6O₂

ಶಿಕ್ಷಕಿ: ಎರಡೂ ಬದಿ ಸಮ ಇದೆ, ತಪ್ಪಿಲ್ಲ. ಆದರೆ ಹೊರಬರುವ ಆಮ್ಲಜನಕದ ಪರಮಾಣು ಎಣಿಸಿ. 6O₂ ಅಂದರೆ ಹನ್ನೆರಡು. ಆರು ನೀರಿನ ಅಣುವಿನಲ್ಲಿ ಇರುವುದು ಆರೇ. ಉಳಿದ ಆರು CO₂ದಿಂದ ಬಂತೇ?

(ಐದು ಸೆಕೆಂಡು. ಪರದೆಯ ಮೂಲೆಯಲ್ಲಿ: ವಿಡಿಯೊ ನಿಲ್ಲಿಸಿ, ಯೋಚಿಸಿ)

ಹಿನ್ನೆಲೆ ಧ್ವನಿ: 1941ರಲ್ಲಿ ಅಮೆರಿಕದಲ್ಲಿ ಸ್ಯಾಮ್ಯುಯೆಲ್ ರೂಬೆನ್, ಮಾರ್ಟಿನ್ ಕಾಮೆನ್ ಮತ್ತು ಸಂಗಡಿಗರು ಭಾರವಾದ ಆಮ್ಲಜನಕ-18 ಇರುವ ನೀರನ್ನು ಪಾಚಿಗೆ ಕೊಟ್ಟರು. ಹೊರಬಂದ ಅನಿಲದಲ್ಲಿ ಆ ಭಾರದ ಗುರುತು ಸಿಕ್ಕಿತು. ಅಂದರೆ ಆಮ್ಲಜನಕವೆಲ್ಲ ನೀರಿನದೇ.

ಪರದೆ: 6CO₂ + 12H₂O → C₆H₁₂O₆ + 6O₂ + 6H₂O

(12H₂Oದ O ಮತ್ತು 6O₂ದ O ಹಳದಿ, CO₂ದ O ಬಿಳಿಯಾಗಿಯೇ ಉಳಿಯಲಿ. ರೇಖಾಚಿತ್ರದಲ್ಲಿ ಹಳದಿ ಬಾಣ ನೀರು ಒಡೆದ ಜಾಗದಿಂದ ಹೊರಡಬೇಕು. CO₂ ಬಾಣವೇ ತಿರುಗಿ O₂ ಆಗುವ ಅನಿಮೇಷನ್ ತಪ್ಪು, ಎಷ್ಟೇ ಚೆನ್ನಾಗಿ ಕಂಡರೂ.)

ಶಿಕ್ಷಕಿ: ಹಾಗಾದರೆ ಸಕ್ಕರೆಗೆ ನೀರಿಂದ ಸಿಕ್ಕಿದ್ದು ಹೈಡ್ರೋಜನ್ ಮಾತ್ರ. 180 ಗ್ರಾಂ ಗ್ಲೂಕೋಸ್ ತೂಗಿ: 72 ಗ್ರಾಂ ಇಂಗಾಲ, 96 ಗ್ರಾಂ ಆಮ್ಲಜನಕ, 12 ಗ್ರಾಂ ಹೈಡ್ರೋಜನ್. ಮೊದಲ ಎರಡೂ ಗಾಳಿಯಿಂದ ಬಂದವು.

ಪರದೆ (ದೊಡ್ಡದಾಗಿ): ಗಾಳಿಯಿಂದ 168 ಗ್ರಾಂ. ನೀರಿನಿಂದ 12 ಗ್ರಾಂ.

(ಇಲ್ಲಿ ಕಿತ್ತಳೆ ಬಾಣ ಫ್ಲೋಯಂಗೆ. ಹಲಸಿನ ಮರದ ದೃಶ್ಯ ಎರಡು ಸೆಕೆಂಡು ಮರಳಲಿ.)

---

ದೃಶ್ಯ 5 (4:40–8:00) ಪ್ರಯೋಗ: ಬೆಳಕು ಬೇಕೇ?

ಮೇಜಿನ ಮೇಲೆ: ಕುಂಡದ ದಾಸವಾಳ ಗಿಡ, 2 ಸೆಂ.ಮೀ. ಅಗಲದ ಕಪ್ಪು ಕಾಗದದ ಪಟ್ಟಿ, ಅದೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ, ಕ್ಲಿಪ್‌ಗಳು, ಬೀಕರ್, ಪ್ರನಾಳ, ಆಲ್ಕೋಹಾಲ್, ಅಯೋಡಿನ್, ಚಿಮಟ, ಬಿಳಿ ತಟ್ಟೆ. ಈರುಳ್ಳಿ ಎಲೆ ತರಬೇಡಿ, ಅದು ಪಿಷ್ಟದ ಬದಲು ಸಕ್ಕರೆ ಕೂಡಿಡುತ್ತದೆ.

ಶಿಕ್ಷಕಿ: ಈ ಗಿಡವನ್ನು 48 ಗಂಟೆ ಕತ್ತಲಕೋಣೆಯಲ್ಲಿ ಇಟ್ಟಿದ್ದೆವು. ತಯಾರಾದ ಸಕ್ಕರೆಯನ್ನು ಎಲೆ ಪಿಷ್ಟವಾಗಿ ಕೂಡಿಡುತ್ತೆ. ಮೊದಲೇ ಇದ್ದ ಆ ಪಿಷ್ಟ ಖರ್ಚಾಗಲಿ ಅಂತ. ಈಗ ಒಂದು ಎಲೆಗೆ ಕಪ್ಪು ಪಟ್ಟಿ, ಮೇಲೂ ಕೆಳಗೂ.

ವಿದ್ಯಾರ್ಥಿನಿ: ಪ್ಲಾಸ್ಟಿಕ್ ಯಾಕೆ, ಮಿಸ್?

ಶಿಕ್ಷಕಿ: ಕಪ್ಪು ಕಾಗದ ಬೆಳಕನ್ನೂ ತಡೆಯುತ್ತೆ, ಗಾಳಿಯನ್ನೂ ಒಂದಿಷ್ಟು ತಡೆಯುತ್ತೆ. ಪಿಷ್ಟ ಆಗದಿದ್ದರೆ ಯಾವುದರಿಂದ ಅಂತ ಹೇಗೆ ಹೇಳ್ತೀಯ? ಅದೇ ಎಲೆಯಲ್ಲಿ ಪ್ಲಾಸ್ಟಿಕ್ ಪಟ್ಟಿ ಹಾಕಿದರೆ ಗಾಳಿಗೆ ಅಡ್ಡಿ, ಬೆಳಕಿಗೆ ಇಲ್ಲ.

ಪರದೆ: ಬಿಸಿಲಿನಲ್ಲಿ 5 ಗಂಟೆ (ನೆರಳು ಸರಿಯುವ ವೇಗದ ದೃಶ್ಯ, 4 ಸೆಕೆಂಡು)

ಹಿನ್ನೆಲೆ ಧ್ವನಿ: ಎಲೆ ಕಿತ್ತು, ಪಟ್ಟಿ ತೆಗೆದು, ಅವು ಇದ್ದ ಜಾಗದ ನಕ್ಷೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಆಮೇಲೆ ಗುರುತು ಸಿಗುವುದಿಲ್ಲ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ. ಜೀವಕೋಶಗಳು ಸತ್ತು ಪೊರೆಗಳು ಒಡೆದರೆ ಆಲ್ಕೋಹಾಲ್ ಮತ್ತು ಅಯೋಡಿನ್ ಒಳಹೋಗುವುದು ಸಲೀಸು.

ಪರದೆ (ಕಪ್ಪು ಹಿನ್ನೆಲೆ, ಹಳದಿ ಅಕ್ಷರ, 6 ಸೆಕೆಂಡು): ಈಗ ಬೆಂಕಿ ಆರಿಸಿ. ಆಲ್ಕೋಹಾಲನ್ನು ಉರಿಯ ಮೇಲೆ ಎಂದೂ ಇಡಬೇಡಿ.

ಶಿಕ್ಷಕಿ: ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತೆ, ಅದರ ಆವಿ ತಟ್ಟನೆ ಹೊತ್ತಿಕೊಳ್ಳುತ್ತೆ. ಅದಕ್ಕೇ ಎಲೆ ಮತ್ತು ಆಲ್ಕೋಹಾಲ್ ಇರುವ ಪ್ರನಾಳವನ್ನು, ಉರಿಯಿಂದ ಇಳಿಸಿದ ಬಿಸಿನೀರಿನ ಬೀಕರಿನೊಳಗೆ ನಿಲ್ಲಿಸ್ತೀನಿ.

(ಪ್ರನಾಳದ ಸಮೀಪದೃಶ್ಯ: ಆಲ್ಕೋಹಾಲ್ ನಿಧಾನಕ್ಕೆ ಹಸಿರಾಗುವುದು, ಎಲೆ ಬಿಳಿಚುವುದು. ಪೂರ್ತಿ ಹತ್ತು ನಿಮಿಷ ಚಿತ್ರೀಕರಿಸಿ, 12 ಸೆಕೆಂಡಿಗೆ ಇಳಿಸಿ. ಈ ಪಾಠದಲ್ಲಿ ಮಕ್ಕಳು ಬಿಟ್ಟಕಣ್ಣು ಬಿಟ್ಟಂತೆ ನೋಡುವುದು ಇದನ್ನೇ, ಕತ್ತರಿಸಬೇಡಿ.)

ಹಿನ್ನೆಲೆ ಧ್ವನಿ: ಎಲೆ ಈಗ ಹಪ್ಪಳದಂತೆ ಗರಿಗರಿ. ಬಿಸಿನೀರಿನಲ್ಲಿ ಅದ್ದಿದರೆ ಮೆತ್ತಗಾಗುತ್ತದೆ. ಅದನ್ನು ಬಿಳಿ ತಟ್ಟೆಯಲ್ಲಿ ಹರಡಿ, ಕಪ್ಪು ಚಹಾದ ಬಣ್ಣಕ್ಕೆ ತೆಳುಮಾಡಿದ ಅಯೋಡಿನ್ ಹನಿಸಿ ಎರಡು ನಿಮಿಷ ಕಾಯಿರಿ.

(ಮೇಲಿನಿಂದ, ಒಂದೇ ಶಾಟ್. ಎಲೆ ನೀಲಿಗಪ್ಪಾಗುತ್ತದೆ, ಕಪ್ಪು ಪಟ್ಟಿ ಇದ್ದ ಜಾಗ ಹಳದಿಗಂದಾಗಿಯೇ ಉಳಿಯುತ್ತದೆ.)

ಪರದೆ: ನೀಲಿಗಪ್ಪು = ಪಿಷ್ಟ ಇದೆ / ಹಳದಿಗಂದು = ಪಿಷ್ಟ ಇಲ್ಲ

ವಿದ್ಯಾರ್ಥಿನಿ: ಪ್ಲಾಸ್ಟಿಕ್ ಇದ್ದ ಜಾಗವೂ ಕಪ್ಪಾಯ್ತು! ಹಾಗಾದರೆ ತಡೆದದ್ದು ಕತ್ತಲೆಯೇ.

ಶಿಕ್ಷಕಿ: ನಿಮ್ಮ ಎಲೆ ಹೀಗೆ ಬರದಿದ್ದರೆ ಸುಳ್ಳು ಬರೆಯಬೇಡಿ, ಕಾರಣ ಹುಡುಕಿ. ಕಪ್ಪು ಪಟ್ಟಿಯ ಜಾಗವೂ ನೀಲಿಗಪ್ಪಾದರೆ ಗಿಡ ಕತ್ತಲಲ್ಲಿ ಇದ್ದದ್ದು ಸಾಲದು, 72 ಗಂಟೆ ಇಡಿ. ಎಲೆ ಪೂರ್ತಿ ಹಳದಿಗಂದು ಆದರೆ ಬಿಸಿಲು ಸಾಕಾಗಿಲ್ಲ, ಮೋಡದ ದಿನ ಹೀಗಾಗುವುದುಂಟು. ತೇಪೆ ತೇಪೆಯಾಗಿ ಬಂದರೆ ಹಸಿರು ಪೂರ್ತಿ ಇಳಿದಿಲ್ಲ, ಹೊಸ ಆಲ್ಕೋಹಾಲ್‌ನಲ್ಲಿ ಮತ್ತೊಮ್ಮೆ ಇಡಿ. ಎಲ್ಲೆಡೆ ದಟ್ಟ ಕಂದಾದರೆ ಅಯೋಡಿನ್ ಗಟ್ಟಿಯಾಗಿದೆ, ತಣ್ಣೀರಿನಲ್ಲಿ ಎಲೆ ತೊಳೆದು ನೋಡಿ.

---

ದೃಶ್ಯ 6 (8:00–9:00) ಹಿತ್ತಲು, ಸಂಜೆ

ವಿದ್ಯಾರ್ಥಿನಿ: ಮಿಸ್, ರಾತ್ರಿ ಮರದ ಕೆಳಗೆ ಮಲಗಬಾರದು ಅಂತಾರೆ ಅಜ್ಜಿ. ಹಗಲು ಮರ ಉಸಿರಾಡಲ್ವಾ?

ಶಿಕ್ಷಕಿ: ಮರ ಹಗಲೂ ರಾತ್ರಿಯೂ ಉಸಿರಾಡುತ್ತೆ, ಆಮ್ಲಜನಕ ಬಳಸಿ CO₂ ಬಿಡುತ್ತೆ. ಒಳ್ಳೆ ಬೆಳಕಿರುವಾಗ ದ್ಯುತಿಸಂಶ್ಲೇಷಣೆಯ ವೇಗ ಅದನ್ನು ಮೀರುತ್ತೆ, ಅದಕ್ಕೆ ಹೊರಗೆ ಕಾಣುವುದು ಆಮ್ಲಜನಕ ಮಾತ್ರ. ಬಯಲಲ್ಲಿ ಗಾಳಿಯಾಡುವ ಕಡೆ ಮರ ಬಿಡುವ CO₂ದಿಂದ ಯಾರಿಗೂ ಉಸಿರು ಕಟ್ಟಲ್ಲ, ಅಜ್ಜಿಗೆ ಹೇಳು. ಒಣಕೊಂಬೆ ಬೀಳಬಹುದು ಅಂತ ಹೆದರಿದರೆ ಅದು ಬೇರೆ ಮಾತು.

(ಶಿಕ್ಷಕಿ ಒಲೆಯಿಂದ ತಂದ ಒಂದು ಹಿಡಿ ಬೂದಿಯನ್ನು ಹಲಸಿನ ಬೀಜದ ಪಕ್ಕ ಇಡುತ್ತಾರೆ.)

ಶಿಕ್ಷಕಿ: ಕಟ್ಟಿಗೆ ಪೂರ್ತಿ ಉರಿದರೆ ಉಳಿಯುವುದು ಇಷ್ಟೇ.

ಪರದೆ (20 ಸೆಕೆಂಡು, ಧ್ವನಿ ಇಲ್ಲ): ಮನೆಯಲ್ಲಿ ಬರೆಯಿರಿ: ಈ ಬೂದಿ ಮತ್ತು ಹೆಲ್ಮಾಂಟ್‌ರ 57 ಗ್ರಾಂ, ಎರಡಕ್ಕೂ ಏನು ಸಂಬಂಧ? ಉಳಿದ ತೂಕ ಉರಿದಾಗ ಎಲ್ಲಿಗೆ ಹೋಯಿತು?